ವ್ಯಾಕರಣ ಸರಿಹೋಯಿತು, ಜೋಳದ ಚೀಲ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ನಮ್ಮ ಓಣಿಯ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರಿದ್ದಾಳೆ. ಒಂದು ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ‘ನಾನು ಎದುರಿಸಿದ ಕಷ್ಟ’ ಎಂದು 400 ಪದಗಳ ಪ್ರಬಂಧ ಕೇಳಿದ್ದಾರೆ. ‘ಅಣ್ಣಾ, ತಪ್ಪು ತಿದ್ದಿಕೊಡು’ ಅಂತ ನನಗೆ ಕಳಿಸಿದಳು. ತಪ್ಪು ಬಹಳ ಇದ್ದವು, ಎಲ್ಲಾ ತಿದ್ದಿದೆ. ಓದಿದವಳು ‘ಚಂದ ಐತಿ ಅಣ್ಣಾ, ಆದ್ರ ಇದು ನಂದಲ್ಲ’ ಅಂದುಬಿಟ್ಟಳು. ವ್ಯಾಕರಣ ಸರಿಮಾಡಿದ ಮೇಲೂ ಅದು ಅವಳ ಬರಹವಾಗಿಯೇ ಉಳಿಯಬೇಕಾದರೆ ಹೇಗೆ ತಿದ್ದಬೇಕು? ಅವಳ ಮೊದಲ ಪ್ಯಾರಾ, ನಾನು ತಿದ್ದಿದ್ದು, ಎರಡೂ ಕಳಿಸಿದ್ದೇನೆ.

ಉತ್ತರ: ಎರಡನ್ನೂ ಮೊದಲು ಇಲ್ಲಿ ಇಡುತ್ತೇನೆ. ಓದುವವರಿಗೂ ಗೊತ್ತಾಗಲಿ. ಇದು ಹುಡುಗಿ ಬರೆದದ್ದು, ಒಂದಕ್ಷರ ಮುಟ್ಟಿಲ್ಲ:

> ದೀಪಾವಳಿ ಮುಗಿದ ಮೇಲೆ ನಮ್ಮ ಊರು ಅರ್ದ ಕಾಲಿ ಆಗುತ್ತದೆ. ಎಲ್ಲರು ಗುಳೆ ಹೋಗುತ್ತಾರೆ. ನಾನು ಏಳನೇ ಕ್ಲಾಸಿನಲ್ಲಿ ಇದ್ದಾಗ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರು. ನಾನು ತಮ್ಮ ಮುತ್ಯಾನ ಹತ್ತಿರ ಉಳಿದೆ. ಅವ್ವ ಹೋಗುವಾಗ ಜೋಳದ ಚೀಲ ತೋರಿಸಿ ಇದು ಯುಗಾದಿ ತನಕ ಬರಬೇಕು ನೋಡವ್ವಾ ಎಂದು ಹೇಳಿದರು. ನಾನು ದಿನಾ ಚೀಲದಾಗ ಕೈ ಇಟ್ಟು ಎಷ್ಟು ಇಳಿದಿದೆ ನೋಡುತ್ತೇನೆ. ರೊಟ್ಟಿ ಬಡಿದು, ತಮ್ಮನ ಶಾಲೆಗೆ ಕಳಿಸಿ, ಮುತ್ಯಾ ಎಮ್ಮೆ ಬಿಟ್ಟುಕೊಂಡು ಹೋಗುತ್ತಿದ್ದನು. ಸಂಜೆ ಆದರೆ ಮುತ್ಯಾನಿಗೆ ಕಣ್ಣು ಕಾಣಲ್ಲ ಅದಕ್ಕೆ ಎಮ್ಮೆ ಹೊಡೆದುಕೊಂಡು ಬರಲು ನಾನು ಹೋಗುತ್ತಿದ್ದೆ ಅವ್ವ ಫೋನ್ ಮಾಡಿದಾಗ ಚೀಲ ಎಷ್ಟಿದೆ ಎಂದು ಕೇಳುತ್ತಿದ್ದಳು. ನಾನು ಅರ್ದ ಇದೆ ಎಂದು ಸುಳ್ಳು ಹೇಳುತ್ತಿದ್ದೆ. ಯಾಕೆಂದರೆ ಕಾಲಿ ಆಗಿದೆ ಅಂದರೆ ಅವರು ಕೆಲಸ ಬಿಟ್ಟು ಬರುತ್ತಾರೆ ಆದ್ದರಿಂದ.

ಇದು ನೀವು ತಿದ್ದಿದ್ದು:

> ಪ್ರತಿ ವರ್ಷ ದೀಪಾವಳಿಯ ನಂತರ ನಮ್ಮ ಗ್ರಾಮದ ಬಹುತೇಕ ಜನರು ಉದ್ಯೋಗವನ್ನು ಅರಸಿ ಮಹಾನಗರಗಳಿಗೆ ವಲಸೆ ಹೋಗುತ್ತಾರೆ. ನಾನು ಏಳನೇ ತರಗತಿಯಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ನನ್ನ ತಂದೆ ತಾಯಿ ಕೂಡ ಬೆಂಗಳೂರಿಗೆ ವಲಸೆ ಹೋಗಬೇಕಾದ ಅನಿವಾರ್ಯತೆ ಎದುರಾಯಿತು. ನಾನು ಮತ್ತು ನನ್ನ ಸಹೋದರ ತಾತನವರ ಆಶ್ರಯದಲ್ಲಿ ಉಳಿದೆವು. ಮನೆಯಲ್ಲಿ ಆಹಾರ ಧಾನ್ಯಗಳ ತೀವ್ರ ಕೊರತೆಯಿತ್ತು. ತಾತನವರು ಅಡುಗೆ ಮಾಡಿ, ಸಹೋದರನನ್ನು ಶಾಲೆಗೆ ಕಳುಹಿಸಿ, ಎಮ್ಮೆಗಳನ್ನು ಮೇಯಿಸಲು ಹೋಗುತ್ತಿದ್ದರು. ಇಷ್ಟೆಲ್ಲ ಸಂಕಷ್ಟಗಳ ನಡುವೆಯೂ ನಾನು ಎದೆಗುಂದದೆ, ಛಲ ಬಿಡದೆ ಓದನ್ನು ಮುಂದುವರಿಸಿದೆ.

ನಿಮ್ಮದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಜೋಳದ ಚೀಲ ಇಲ್ಲ. ಚೀಲದಲ್ಲಿ ಕೈ ಇಟ್ಟು ನೋಡುವ ಹುಡುಗಿ ಇಲ್ಲ. ಫೋನಿನಲ್ಲಿ ಹೇಳಿದ ಸುಳ್ಳೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹುಡುಗಿ ಬಡಿದ ರೊಟ್ಟಿಯನ್ನು ನೀವು ಮುತ್ಯಾನ ಕೈಗೆ ಕೊಟ್ಟಿದ್ದೀರಿ. ಅದು ಹೇಗಾಯಿತು ಅಂತ ಮುಂದೆ ಹೇಳುತ್ತೇನೆ, ಯಾಕೆಂದರೆ ಅವಳ ಪ್ಯಾರಾದ ಅತಿ ದೊಡ್ಡ ವ್ಯಾಕರಣದ ತಪ್ಪು ಅಲ್ಲೇ ಇದೆ.

ನಾನು ಒಂದು ಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಬೇರೆಯವರ ಬರಹ ತಿದ್ದಿದವನು. ಒಂದು ಸಣ್ಣ ಟ್ರಸ್ಟಿಗೆ ಇಂಥ ಪ್ರಬಂಧಗಳನ್ನು ಓದಿಕೊಡುವ ಕೆಲಸವನ್ನೂ ಮಾಡಿದ್ದೇನೆ. ಸರ್ಕಾರದ ವಿದ್ಯಾರ್ಥಿವೇತನಗಳಿಗೆ, ಅಂದರೆ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕುವಂಥವಕ್ಕೆ, ಪ್ರಬಂಧ ಬೇಕಾಗಿಲ್ಲ. ಅಲ್ಲಿ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ ನೋಡುತ್ತಾರೆ. ಟ್ರಸ್ಟುಗಳೂ ಅವನ್ನು ಕೇಳುತ್ತವೆ. ಬಡತನ ಎಷ್ಟು ಅನ್ನುವುದು ಆ ಕಾಗದದಲ್ಲೇ ಬಂದಿರುತ್ತದೆ. ಪ್ರಬಂಧ ಕೇಳುವುದು ಬೇರೆ ಕಾರಣಕ್ಕೆ. ಕಾಗದದಲ್ಲಿ ಬರದ ವಿಷಯ ಅದರಲ್ಲಿ ಬರಬೇಕು. ‘ಆಹಾರ ಧಾನ್ಯಗಳ ತೀವ್ರ ಕೊರತೆ’ ಅನ್ನುವುದನ್ನು ಆದಾಯ ಪ್ರಮಾಣಪತ್ರ ಆಗಲೇ ಹೇಳಿಬಿಟ್ಟಿದೆ. ‘ಚೀಲ ಅರ್ಧ ಇದೆ ಎಂದು ಸುಳ್ಳು ಹೇಳುತ್ತಿದ್ದೆ’ ಅನ್ನುವುದನ್ನು ಯಾವ ತಹಶೀಲ್ದಾರರ ಸಹಿಯೂ ಹೇಳಲಾರದು.

ಈಗ ಕೆಲಸಕ್ಕೆ ಬರೋಣ. ನಿಮ್ಮ ತಿದ್ದುಪಡಿ ಬದಿಗಿಟ್ಟು, ಅವಳ ಮೂಲ ತೆಗೆದುಕೊಳ್ಳಿ. ಸಾಲಿನ ನಡುವೆ ಜಾಗ ಬಿಟ್ಟು ಪ್ರಿಂಟ್ ಹಾಕಿಸಿ. ಒಂದು ಕೆಂಪು ಪೆನ್ನು, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಕೆಂಪು ಪೆನ್ನು ಯಾರು ಬರೆದರೂ ತಪ್ಪೇ ಆಗುವ ಜಾಗಕ್ಕೆ. ಪೆನ್ಸಿಲ್ ‘ಇದೇನು?’ ಅಂತ ಅವಳನ್ನೇ ಕೇಳಬೇಕಾದ ಜಾಗಕ್ಕೆ. ಈ ಎರಡಕ್ಕೂ ಸೇರದ ಜಾಗವನ್ನು ಸುಮ್ನೆ ಬಿಡಿ. ‘ಇದಕ್ಕಿಂತ ಚಂದ ಹೇಳಬಹುದು’ ಅನ್ನಿಸಿದ ಜಾಗವೆಲ್ಲ ಸುಮ್ನೆ ಬಿಡುವ ಜಾಗವೇ. ನಿಮ್ಮ ಕೈ ತುರಿಸುತ್ತದೆ, ನನಗೆ ಗೊತ್ತು.

ಮೊದಲು ಕೆಂಪು ಪೆನ್ನು. ‘ಅರ್ದ’ ಅಲ್ಲ ‘ಅರ್ಧ’, ‘ಕಾಲಿ’ ಅಲ್ಲ ‘ಖಾಲಿ’. ಮಾತಿನಲ್ಲಿ ಮಹಾಪ್ರಾಣವನ್ನು ನಮ್ಮಲ್ಲಿ ಎಷ್ಟೋ ಜನ ಉಚ್ಚರಿಸುವುದೇ ಇಲ್ಲ. ಕಿವಿ ನಂಬಿ ಬರೆದರೆ ಹೀಗಾಗುತ್ತದೆ. ಇದು ಅವಳ ಧ್ವನಿ ಅಂತ ಬಿಡುವ ಹಾಗಿಲ್ಲ. ಕಾಗುಣಿತಕ್ಕೆ ದಯೆ ತೋರಿಸಬೇಡಿ. ಓದುವವರ ಕಣ್ಣು ಮೊದಲು ಎಡವುವುದೇ ಅಲ್ಲಿ, ತಿದ್ದಿದರೆ ಅವಳದ್ದು ಏನೂ ಕಳೆದುಹೋಗುವುದಿಲ್ಲ. ‘ಎಲ್ಲರು’ ಕೂಡ ‘ಎಲ್ಲರೂ’ ಆಗಬೇಕು. ಕೊನೆಯ ದೀರ್ಘ ಬರೀ ಅಲಂಕಾರಕ್ಕೆ ಇರುವುದಲ್ಲ, ‘ಒಬ್ಬರೂ ಬಿಡದೆ’ ಅನ್ನುವ ಅರ್ಥ ಕೊಡುವುದೇ ಅದು.

ಆದರೆ ಅಲ್ಲೇ ಒಂದು ಪೆನ್ಸಿಲ್ ಗುರುತು ಹಾಕಿ. ಊರು ಖಾಲಿಯಾದದ್ದು ಅರ್ಧ, ಹೋದವರು ಎಲ್ಲರೂ. ಎರಡೂ ಒಟ್ಟಿಗೆ ನಿಜ ಆಗಲ್ಲ ಅಲ್ವಾ? ನೀವು ‘ಬಹುತೇಕ ಜನರು’ ಅಂತ ಹಾಕಿ ಜಗಳ ಬಿಡಿಸಿದ್ದೀರಿ. ಆದರೆ ಅದು ಅವಳನ್ನು ಕೇಳಿ ಹಾಕಿದ್ದಲ್ಲ. ಕೇಳಿದರೆ ಅವಳು ಬಹುಶಃ ‘ದುಡಿಯೋರೆಲ್ಲ ಹೋಗ್ತಾರ, ಮುದುಕರು ಹುಡುಗರು ಉಳೀತಾರ’ ಅನ್ನುತ್ತಾಳೆ. ಹಾಗೆ ಅಂದರೆ ನಿಮಗೆ ‘ಬಹುತೇಕ’ಕ್ಕಿಂತ ನೂರು ಪಾಲು ಒಳ್ಳೆಯ ಸಾಲು ಸಿಕ್ಕಿತು, ಅದೂ ಅವಳ ಬಾಯಿಂದಲೇ. ಕೇಳುವುದರಲ್ಲಿ ಈ ಲಾಭ ಇದೆ.

‘ನಾನು ತಮ್ಮ ಮುತ್ಯಾನ ಹತ್ತಿರ ಉಳಿದೆ.’ ಉಳಿದವರು ಇಬ್ಬರು. ಆದ್ದರಿಂದ ‘ಉಳಿದೆವು’. ಇಲ್ಲಿ ಇನ್ನೊಂದು ತೊಡಕೂ ಇದೆ. ‘ತಮ್ಮ ಮುತ್ಯಾನ’ ಅಂತ ಕೂಡಿಸಿ ಓದಿದರೆ ‘ಅವರ ಮುತ್ಯಾ’ ಅನ್ನುವ ಅರ್ಥ ಬರುತ್ತದೆ, ತಮ್ಮ ಅನ್ನುವ ಹುಡುಗನೇ ಮಾಯ. ‘ನಾನು, ತಮ್ಮ’ ಎಂದು ಒಂದು ಅಲ್ಪವಿರಾಮ ಹಾಕಿ. ಅಷ್ಟೂ ಸಾಲದು ಅನ್ನಿಸಿದರೆ ‘ನಾನೂ ತಮ್ಮನೂ’ ಅನ್ನಿ. ‘ನಾನು ಮತ್ತು ನನ್ನ ಸಹೋದರ’ ಯಾಕೆ ಬೇಕಿತ್ತು? ತಮ್ಮನಿಗೆ ‘ಸಹೋದರ’ ಅನ್ನುವ ಹುಡುಗಿಯನ್ನು ನಾನಂತೂ ನೋಡಿಲ್ಲ. ಅಣ್ಣನೋ ತಮ್ಮನೋ ಅನ್ನುವುದೂ ಆ ಪದದಲ್ಲಿ ತಿಳಿಯುವುದಿಲ್ಲ. ಇಲ್ಲಿ ತಮ್ಮ ಅನ್ನುವುದೇ ಮುಖ್ಯ. ಚಿಕ್ಕವನು, ನೋಡಿಕೊಳ್ಳಬೇಕಾದವನು.

ಕಾಲವೂ ಒಂದು ಕಡೆ ಜಾರಿದೆ. ‘ನೋಡುತ್ತೇನೆ’ ಅಂದರೆ ಈಗಲೂ ದಿನಾ ನೋಡುತ್ತಾಳೆ ಅಂತ ಆಗುತ್ತದೆ. ‘ನೋಡುತ್ತಿದ್ದೆ’ ಬೇಕು. ಕೊನೆಯ ಸಾಲಿನಲ್ಲಿ ‘ಯಾಕೆಂದರೆ’ ಅಂತ ಶುರುಮಾಡಿ ‘ಆದ್ದರಿಂದ’ ಅಂತ ಮುಗಿಸಿದ್ದಾಳೆ. ಒಂದು ಕಾರಣಕ್ಕೆ ಎರಡು ಗೂಟ. ಶಾಲೆಯಲ್ಲಿ ಪ್ರಶ್ನೋತ್ತರ ಬರೆಯುವ ಅಭ್ಯಾಸದಿಂದ ಬಂದದ್ದು ಇದು, ತುಂಬ ಮಕ್ಕಳಲ್ಲಿ ನೋಡಿದ್ದೇನೆ. ಕೊನೆಯ ಪದವನ್ನು ಹೊಡೆದುಹಾಕಿ, ಅಷ್ಟೇ. ‘ಬರುತ್ತಾರೆ’ ಅನ್ನುವ ವರ್ತಮಾನವನ್ನು ಅಲ್ಲಿ ಮುಟ್ಟಬೇಡಿ. ಅದು ಆಗ ಅವಳ ತಲೆಯಲ್ಲಿ ಓಡಿದ ಮಾತು, ಇದ್ದ ಹಾಗೆ ಬಂದಿದೆ. ‘ಬರುತ್ತಿದ್ದರು’ ಮಾಡಿದರೆ ತಪ್ಪಾಗುವುದಿಲ್ಲ, ಆದರೆ ಹೆದರಿಕೆ ಆರಿಹೋಗುತ್ತದೆ.

ಈಗ ರೊಟ್ಟಿಯ ವಿಷಯ.

‘ರೊಟ್ಟಿ ಬಡಿದು, ತಮ್ಮನ ಶಾಲೆಗೆ ಕಳಿಸಿ, ಮುತ್ಯಾ ಎಮ್ಮೆ ಬಿಟ್ಟುಕೊಂಡು ಹೋಗುತ್ತಿದ್ದನು.’ ಕನ್ನಡದಲ್ಲಿ ‘ಬಡಿದು’, ‘ಕಳಿಸಿ’ ಇಂಥ ಅರ್ಧ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ಸ್ವಂತ ಕರ್ತೃ ಇರುವುದಿಲ್ಲ. ಸಾಲಿನ ಕೊನೆಯ ಕ್ರಿಯಾಪದದ ಕರ್ತೃ ಯಾರೋ, ಇವನ್ನು ಮಾಡಿದವರೂ ಅವರೇ ಅಂತ ಓದುಗರು ತೆಗೆದುಕೊಳ್ಳುತ್ತಾರೆ. ‘ಮಳೆ ಬಂದು ಕೆರೆ ತುಂಬಿತು’ ಅನ್ನುತ್ತೇವಲ್ಲ, ಅಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ ಅಂತ ಕೇಳಬಹುದು. ಅಲ್ಲಿ ಮಳೆ ಅನ್ನುವ ಪದ ಸಾಲಿನಲ್ಲೇ ಇದೆ, ಒಂದು ಇನ್ನೊಂದಕ್ಕೆ ಕಾರಣವೂ ಆಗಿದೆ. ಆದ್ದರಿಂದ ನಡೆಯುತ್ತದೆ. ಇಲ್ಲಿ ‘ನಾನು’ ಅನ್ನುವುದೇ ಇಲ್ಲ. ಸಾಲು ಓದಿದರೆ ರೊಟ್ಟಿ ಬಡಿದವನು ಮುತ್ಯಾ.

ನೀವೂ ಹಾಗೇ ಓದಿದಿರಿ. ಅದನ್ನೇ ಅಚ್ಚುಕಟ್ಟು ಮಾಡಿ ‘ತಾತನವರು ಅಡುಗೆ ಮಾಡಿ’ ಅಂತ ಬರೆದಿರಿ. ಸಾಲು ಸರಿಯಾಯಿತು, ಸಂಗತಿ ತಲೆಕೆಳಗಾಯಿತು. ಹನ್ನೆರಡು ಹದಿಮೂರು ವರ್ಷದ ಹುಡುಗಿ ಬೆಳಿಗ್ಗೆ ಎದ್ದು ಮೂರು ಜನಕ್ಕೆ ರೊಟ್ಟಿ ಬಡಿದದ್ದು ಆ ಪ್ಯಾರಾದಲ್ಲಿ ಅವಳು ಹೇಳಿಕೊಂಡ ದೊಡ್ಡ ದುಡಿಮೆ. ಅದೇ ಹೋಯಿತು. ಅವಳು ‘ಇದು ನಂದಲ್ಲ’ ಅಂದದ್ದು ಭಾಷೆಗೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಅವಳೇ ಬಡಿದಳು ಅಂತ ನನಗೆ ಹೇಗೆ ಗೊತ್ತು? ಖಾತ್ರಿ ಗೊತ್ತಿಲ್ಲ. ಸುತ್ತಲಿನ ಸಾಲುಗಳಿಂದ ಊಹಿಸಿದ್ದು. ಆದ್ದರಿಂದ ಇಲ್ಲಿ ಕೆಂಪು ಪೆನ್ನೂ ಬೇಕು, ಪೆನ್ಸಿಲೂ ಬೇಕು. ‘ರೊಟ್ಟಿ ಯಾರು ಬಡಿಯುತ್ತಿದ್ದರು?’ ಅಂತ ಕೇಳಿ. ‘ನಾನೇ’ ಅಂದರೆ ಸಾಲನ್ನು ಎರಡಾಗಿ ಒಡೆಯಿರಿ: ‘ನಾನು ರೊಟ್ಟಿ ಬಡಿದು ತಮ್ಮನನ್ನು ಶಾಲೆಗೆ ಕಳಿಸುತ್ತಿದ್ದೆ. ಮುತ್ಯಾ ಎಮ್ಮೆ ಬಿಟ್ಟುಕೊಂಡು ಹೋಗುತ್ತಿದ್ದ.’ ಸೇರಿಸಿದ ಹೊಸ ಪದ ‘ನಾನು’ ಒಂದೇ. ಸಾಲು ಒಡೆಯುವಾಗ, ಕೂಡಿಸುವಾಗ ಒಂದೋ ಎರಡೋ ಪದ ಸೇರಿಸಲೇಬೇಕಾಗುತ್ತದೆ. ಸೇರಿಸಿ, ಆದರೆ ಅವಳು ಬಳಸುವಂಥ ಪದವನ್ನೇ ಸೇರಿಸಿ.

‘ತಮ್ಮನ ಶಾಲೆಗೆ ಕಳಿಸಿ’ ಅನ್ನುವುದನ್ನು ‘ತಮ್ಮನನ್ನು’ ಮಾಡಿದ್ದು ಯಾಕೆ ಅಂದರೆ, ಇಲ್ಲವಾದರೆ ತಮ್ಮ ಓದುವ ಶಾಲೆಗೆ ಇನ್ಯಾರನ್ನೋ ಕಳಿಸಿದ ಹಾಗಾಗುತ್ತದೆ. ಮನುಷ್ಯರ ವಿಷಯದಲ್ಲಿ ‘ಅನ್ನು’ ಬಿಡುವ ಹಾಗಿಲ್ಲ. ಆದರೆ ನೀವು ಅದನ್ನು ಕಂಡಕಂಡಲ್ಲಿ ಅಂಟಿಸಿದ್ದೀರಿ: ‘ಉದ್ಯೋಗವನ್ನು’, ‘ಎಮ್ಮೆಗಳನ್ನು’, ‘ಓದನ್ನು’. ‘ಜೋಳದ ಚೀಲ ತೋರಿಸಿ’, ‘ರೊಟ್ಟಿ ಬಡಿದು’ ಇವು ಹಾಗೆಯೇ ಸರಿಯಾದ ಕನ್ನಡ. ‘ಚೀಲವನ್ನು ತೋರಿಸಿ’, ‘ರೊಟ್ಟಿಯನ್ನು ಬಡಿದು’ ಅಂದರೆ ತಪ್ಪಲ್ಲ, ಆದರೆ ಹೊಸ ಚಪ್ಪಲಿ ಹಾಕಿದ ಹಾಗೆ ಕಚ್ಚುತ್ತದೆ. ವಸ್ತುಗಳಿಗೆ ‘ಅನ್ನು’ ಇಲ್ಲದೆ ಬರೆಯುವುದನ್ನು ತಪ್ಪು ಅಂತ ಎಣಿಸಬೇಡಿ. ತಿದ್ದುವವರು ಎಲ್ಲರಿಗಿಂತ ಜಾಸ್ತಿ ಹಾಳುಮಾಡುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಒಂದೊಂದಾಗಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಒಂದು ಪುಟ ತುಂಬ ಬಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ.

ಇನ್ನು ಅವ್ವ. ಒಂದು ಕಡೆ ‘ಅವ್ವ ಹೇಳಿದರು’, ಇನ್ನೊಂದು ಕಡೆ ‘ಅವ್ವ ಕೇಳುತ್ತಿದ್ದಳು’. ಒಂದೇ ಅವ್ವನಿಗೆ ಎರಡು ಮರ್ಯಾದೆ ಆಗಲ್ಲ, ಒಂದನ್ನು ಹಿಡಿಯಬೇಕು. ಯಾವುದನ್ನು? ಇದನ್ನು ನೀವು ತೀರ್ಮಾನಿಸಬೇಡಿ. ಮನೆಯಲ್ಲಿ ಅವ್ವನಿಗೆ ಏನನ್ನುತ್ತಾಳೋ ಕೇಳಿ. ‘ಅವ್ವ ಬಂದ್ಲು’ ಅನ್ನುವ ಮನೆಯಲ್ಲಿ ‘ಳು’ ಅಗೌರವ ಅಲ್ಲ, ಹತ್ತಿರ. ಬರೆಯಲು ಕೂತಾಗ ಮೇಷ್ಟ್ರ ನೆನಪಾಗಿ ‘ಹೇಳಿದರು’ ಬಂದಿದೆ, ಬರೆಯುತ್ತಾ ಬರೆಯುತ್ತಾ ಅವ್ವನೇ ನೆನಪಾಗಿ ‘ಕೇಳುತ್ತಿದ್ದಳು’ ಆಗಿದೆ ಅಂತ ನನ್ನ ಊಹೆ. ನಾನಾದರೆ ಎರಡನೆಯದನ್ನು ಉಳಿಸುತ್ತೇನೆ. ಆದರೆ ಅವಳು ‘ರು’ ಇರಲಿ ಅಂದರೆ ‘ರು’. ಮುತ್ಯಾನ ‘ಹೋಗುತ್ತಿದ್ದನು’ ಕೂಡ ತಪ್ಪಲ್ಲ. ಉಳಿದ ಸಾಲುಗಳ ನಡಿಗೆಗೆ ‘ಹೋಗುತ್ತಿದ್ದ’ ಹೊಂದುತ್ತದೆ ಅಂತ ನಾನು ಬದಲಿಸಿದೆ. ಅವಳು ಬೇಡ ಅಂದರೆ ವಾಪಸ್.

‘ಗುಳೆ’ಯನ್ನು ‘ಉದ್ಯೋಗ ಅರಸಿ ವಲಸೆ’ ಮಾಡಿದ್ದು ಮಾತ್ರ ನನಗೆ ಬಹಳ ಬೇಜಾರಾಯಿತು. ನೀವೂ ಅದೇ ಊರಿನವರು. ವಲಸೆ ಹೋದವರು ಅಲ್ಲೇ ನೆಲೆಸಬಹುದು. ಗುಳೆ ಹೋದವರು ಒಂದು ಹಂಗಾಮಿಗೆ ಹೋಗಿ, ಶೆಡ್ಡಿನಲ್ಲಿದ್ದು, ಹಬ್ಬಕ್ಕೋ ಬಿತ್ತನೆಗೋ ತಿರುಗಿ ಬರುತ್ತಾರೆ. ಮನೆಗೆ ಬೀಗ ಹಾಕಿ, ಮುದುಕರ ಹತ್ತಿರ ಮಕ್ಕಳನ್ನು ಬಿಟ್ಟು ಹೋಗುವುದು ಆ ಒಂದು ಪದದಲ್ಲೇ ಇದೆ. ರಾಯಚೂರು, ಕೊಪ್ಪಳ, ಯಾದಗಿರಿ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರು ಕಡೆಯ ಓದುಗರಿಗೂ ಪತ್ರಿಕೆ ಓದಿ ಗೊತ್ತಿರುತ್ತದೆ, ಗೊತ್ತಿಲ್ಲದಿದ್ದರೂ ಮುಂದಿನ ಸಾಲಿನಲ್ಲಿ ಅರ್ಥವಾಗುತ್ತದೆ. ‘ಮುತ್ಯಾ’, ‘ರೊಟ್ಟಿ ಬಡಿದು’ ಇವೂ ಹಾಗೆಯೇ. ‘ತಾತನವರು’ ಅಂದ ಕೂಡಲೇ ಆ ಮುದುಕ ಬೇರೆ ಯಾವುದೋ ಜಿಲ್ಲೆಗೆ ವರ್ಗವಾದ.

‘ಚೀಲದಾಗ’ ವಿಷಯದಲ್ಲಿ ನಾನು ಬೇರೆ ಥರ ಯೋಚಿಸುತ್ತೇನೆ. ಅವಳು ಉಳಿದೆಲ್ಲ ಕಡೆ ‘ಕ್ಲಾಸಿನಲ್ಲಿ’ ಅಂತಲೇ ಬರೆದಿದ್ದಾಳೆ. ಪುಸ್ತಕದ ಕನ್ನಡದಲ್ಲೇ ಹೇಳಬೇಕು ಅನ್ನುವುದು ಅವಳೇ ಆರಿಸಿಕೊಂಡ ದಾರಿ. ‘ಚೀಲದಾಗ’ ಒಂದು ಕಡೆ ಕೈ ಜಾರಿ ಬಂದದ್ದು. ‘ಚೀಲದಲ್ಲಿ’ ಮಾಡಿದರೆ ಅವಳ ದಾರಿಗೆ ನಾವು ಹೊಂದಿಕೊಂಡ ಹಾಗೆ. ಇಡೀ ಪ್ರಬಂಧ ‘ದಾಗ’ದಲ್ಲೇ ಇದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಅವ್ವನ ಮಾತಿಗೆ ಮಾತ್ರ ಉದ್ಧರಣ ಚಿಹ್ನೆ ಹಾಕಿ, ‘ನೋಡವ್ವಾ’ ಅನ್ನುವುದನ್ನು ಕಾಪಾಡಿ. ಮಗಳನ್ನು ‘ಅವ್ವಾ’ ಅಂತ ಕರೆಯುವ ತಾಯಿ ನಿಮ್ಮ ತಿದ್ದುಪಡಿಯಲ್ಲಿ ಬಾಯಿಯನ್ನೇ ಬಿಡುವುದಿಲ್ಲ.

ಇಷ್ಟು ಮಾಡಿದರೆ ಪ್ಯಾರಾ ಹೀಗೆ ನಿಲ್ಲುತ್ತದೆ. ಪೆನ್ಸಿಲ್ ಗುರುತಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ:

> ದೀಪಾವಳಿ ಮುಗಿದ ಮೇಲೆ ನಮ್ಮ ಊರು ಅರ್ಧ ಖಾಲಿ ಆಗುತ್ತದೆ. ಎಲ್ಲರೂ (?) ಗುಳೆ ಹೋಗುತ್ತಾರೆ. ನಾನು ಏಳನೇ ಕ್ಲಾಸಿನಲ್ಲಿ ಇದ್ದಾಗ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದರು. ನಾನು, ತಮ್ಮ ಮುತ್ಯಾನ ಹತ್ತಿರ ಉಳಿದೆವು. ಅವ್ವ ಹೋಗುವಾಗ ಜೋಳದ ಚೀಲ ತೋರಿಸಿ, ‘ಇದು ಯುಗಾದಿ ತನಕ ಬರಬೇಕು ನೋಡವ್ವಾ’ ಎಂದು ಹೇಳಿದಳು (?). ನಾನು ದಿನಾ ಚೀಲದಲ್ಲಿ ಕೈ ಇಟ್ಟು ಎಷ್ಟು ಇಳಿದಿದೆ ನೋಡುತ್ತಿದ್ದೆ. ನಾನು (?) ರೊಟ್ಟಿ ಬಡಿದು ತಮ್ಮನನ್ನು ಶಾಲೆಗೆ ಕಳಿಸುತ್ತಿದ್ದೆ. ಮುತ್ಯಾ ಎಮ್ಮೆ ಬಿಟ್ಟುಕೊಂಡು ಹೋಗುತ್ತಿದ್ದ. ಸಂಜೆ ಆದರೆ ಮುತ್ಯಾನಿಗೆ ಕಣ್ಣು ಕಾಣಲ್ಲ (?). ಅದಕ್ಕೆ ಎಮ್ಮೆ ಹೊಡೆದುಕೊಂಡು ಬರಲು ನಾನು ಹೋಗುತ್ತಿದ್ದೆ. ಅವ್ವ ಫೋನ್ ಮಾಡಿದಾಗ ಚೀಲ ಎಷ್ಟಿದೆ ಎಂದು ಕೇಳುತ್ತಿದ್ದಳು. ನಾನು ಅರ್ಧ ಇದೆ ಎಂದು ಸುಳ್ಳು ಹೇಳುತ್ತಿದ್ದೆ. ಯಾಕೆಂದರೆ ಖಾಲಿ ಆಗಿದೆ ಅಂದರೆ ಅವರು ಕೆಲಸ ಬಿಟ್ಟು ಬರುತ್ತಾರೆ.

‘ನಾನು’ ಜಾಸ್ತಿ ಆಯಿತು, ‘ಹೋಗುತ್ತಿದ್ದ, ಹೋಗುತ್ತಿದ್ದೆ’ ಒಂದರ ಹಿಂದೆ ಒಂದು ಬಂತು ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಬಿಟ್ಟಿದ್ದೇನೆ. ಅದು ತಪ್ಪಲ್ಲ, ಹದಿನೆಂಟು ಹತ್ತೊಂಬತ್ತರ ಹುಡುಗಿ ಉಸಿರು ಬಿಗಿಹಿಡಿದು ಹೇಳುವ ರೀತಿ. ನಾನೇ ಬರೆದಿದ್ದರೆ ಬದಲಿಸುತ್ತಿದ್ದೆ, ಆದರೆ ಇದು ನನ್ನದಲ್ಲವಲ್ಲ.

ನಿಮ್ಮ ತಿದ್ದುಪಡಿಯನ್ನು ನೀವೇ ಪರೀಕ್ಷೆ ಮಾಡಿಕೊಳ್ಳಲು ಒಂದು ದಾರಿ ಇದೆ. ಮೂಲದಲ್ಲಿ ಇಲ್ಲದ, ನೀವು ತಂದ ಪದಗಳಿಗೆಲ್ಲ ಅಡಿಗೆರೆ ಹಾಕಿ. ವ್ಯಾಸಂಗ, ಅನಿವಾರ್ಯತೆ, ಆಶ್ರಯ, ತೀವ್ರ ಕೊರತೆ, ಸಂಕಷ್ಟ, ಎದೆಗುಂದದೆ, ಛಲ. ಈಗ ಒಂದೊಂದಕ್ಕೂ ಕೇಳಿ: ಇದು ಯಾವ ತಪ್ಪನ್ನು ತಿದ್ದಲು ಬಂತು? ‘ಕ್ಲಾಸಿನಲ್ಲಿ ಇದ್ದಾಗ’ದಲ್ಲಿ ತಪ್ಪೇನಿತ್ತು, ‘ವ್ಯಾಸಂಗ’ ಬರಲು? ಉತ್ತರ ಸಿಗದ ಪದವೆಲ್ಲ ಹೊರಗೆ. ಆಮೇಲೆ ಮೂಲದಲ್ಲಿದ್ದು ನಿಮ್ಮದರಲ್ಲಿ ಇಲ್ಲದ ವಸ್ತುಗಳನ್ನು ಹುಡುಕಿ. ಪದ ಅಲ್ಲ, ವಸ್ತು: ಚೀಲ, ಕೈ, ರೊಟ್ಟಿ, ಫೋನು. ಒಂದಾದರೂ ಕಾಣೆಯಾಗಿದ್ದರೆ ನೀವು ತಿದ್ದಲಿಲ್ಲ, ಬೇರೆ ಬರೆದಿರಿ.

ಕೊನೆಗೆ ನೀವು ಸೇರಿಸಿದ ‘ಎದೆಗುಂದದೆ, ಛಲ ಬಿಡದೆ’ ಅನ್ನುವ ಸಾಲು. ‘ಕಡು ಬಡತನದ ಕುಟುಂಬದಲ್ಲಿ ಜನಿಸಿದ ನಾನು’ ಅಂತ ಶುರುವಾಗಿ ‘ಛಲ ಬಿಡದೆ’ ಅಂತ ಮುಗಿಯುವ ಪ್ರಬಂಧಗಳನ್ನು ಕಟ್ಟುಗಟ್ಟಲೆ ಓದಿದವನು ನಾನು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಒಂಬತ್ತನೆಯದು ಯಾರದು ಅಂತ ಮರೆತಿರುತ್ತದೆ. ಮಕ್ಕಳ ತಪ್ಪಲ್ಲ. ತಿದ್ದಿದ ಅಣ್ಣಂದಿರು, ಮೇಷ್ಟ್ರುಗಳು ಎಲ್ಲರೂ ಅದೇ ನಾಲ್ಕು ಸಾಲು ಕಲಿತವರು. ಛಲ ಇತ್ತೋ ಇಲ್ಲವೋ ಅಂತ ಆ ಫೋನಿನ ಸುಳ್ಳು ಓದಿದವರಿಗೆ ತಿಳಿಯುತ್ತದೆ.

ನಾನೂ ಇದನ್ನು ಎಡವಿಯೇ ಕಲಿತದ್ದು. ಬಹಳ ಹಿಂದೆ, ಒಂದು ನೇಕಾರರ ಮನೆಯ ಹುಡುಗಿಯ ಪ್ರಬಂಧ ತಿದ್ದಿಕೊಟ್ಟಿದ್ದೆ. ಅವಳು ಹೀಗೆ ಬರೆದಿದ್ದಳು: ‘ಮಗ್ಗದ ಸದ್ದು ನಿಂತರೆ ನಮಗೆ ನಿದ್ದೆ ಬರುತ್ತಿರಲಿಲ್ಲ.’ ಪಾಪ, ಏನೋ ಅವಸರದಲ್ಲಿ ಉಲ್ಟಾ ಬರೆದಿದ್ದಾಳೆ ಅಂದುಕೊಂಡೆ. ‘ಮಗ್ಗದ ಸದ್ದಿನಿಂದ ನಮಗೆ ನಿದ್ದೆ ಬರುತ್ತಿರಲಿಲ್ಲ’ ಅಂತ ಮಾಡಿದೆ. ಕೇಳಲೇ ಇಲ್ಲ. ಸಂದರ್ಶನದಲ್ಲಿ ಅವಳನ್ನು ‘ಅಷ್ಟು ಗದ್ದಲದಲ್ಲಿ ಹೇಗಮ್ಮಾ ಓದುತ್ತಿದ್ದೆ?’ ಅಂತ ಕೇಳಿದರಂತೆ. ಅವಳು ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿದವಳು. ಸದ್ದು ನಿಂತಿತು ಅಂದರೆ ನೂಲು ಬಂದಿಲ್ಲ, ಕೂಲಿ ಇಲ್ಲ, ಅಪ್ಪ ಸುಮ್ಮನೆ ಕೂತಿದ್ದಾನೆ ಅಂತ ಅರ್ಥ. ನಿದ್ದೆ ಬರದೆ ಇದ್ದದ್ದು ಅದಕ್ಕೆ. ‘ಗದ್ದಲ ಏನೂ ಆಗ್ತಿರಲಿಲ್ಲ ಸರ್’ ಅಂದಳಂತೆ. ಬರೆದದ್ದು ಒಂದು, ಹೇಳುವುದು ಒಂದು ಅಂತ ಅವರಿಗೆ ಅನ್ನಿಸಿತು. ಆ ವರ್ಷ ಅವಳಿಗೆ ಸಿಗಲಿಲ್ಲ. ಅದೇ ಕಾರಣಕ್ಕೋ ಬೇರೆ ಕಾರಣಕ್ಕೋ, ನನಗಂತೂ ಆ ಸಾಲು ಇನ್ನೂ ಚುಚ್ಚುತ್ತದೆ.

ಆದ್ದರಿಂದ ಪೆನ್ಸಿಲ್ ಗುರುತುಗಳನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಬೇಡಿ. ಫೋನ್ ಮಾಡಿ. ಒಂದರ್ಧ ಗಂಟೆ ಸಾಕು. ಅವಳ ಕೈಯಲ್ಲಿ ಮೂಲ ಇರಲಿ, ನೀವು ತಿದ್ದಿದ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ. ಅವಳು ಎಲ್ಲಿ ಸುಮ್ಮನಾಗುತ್ತಾಳೋ ಅಲ್ಲಿ ನೀವು ಏನೋ ಕೆಡಿಸಿದ್ದೀರಿ. ‘ಹಂಗಲ್ಲ ಅಣ್ಣಾ’ ಅಂತ ಅವಳು ಬಿಡಿಸಿ ಹೇಳಲು ಶುರುಮಾಡಿದರೆ ಪೆನ್ನು ಹಿಡಿಯಿರಿ, ಆ ಮಾತನ್ನೇ ಬರೆದುಕೊಳ್ಳಿ, ಪದಗಳ ಕೊನೆಗಳನ್ನು ಮಾತ್ರ ಪುಸ್ತಕದ ಕನ್ನಡಕ್ಕೆ ತನ್ನಿ. ಆ ಗುಳೆಯ ವರ್ಷ ಅವಳಿಗೆ ಶಾಲೆಗೆ ಎಷ್ಟು ದಿನ ಹೋಗಲು ಆಯಿತು ಅಂತಲೂ ಕೇಳಿ. ಪ್ಯಾರಾದಲ್ಲಿ ತಮ್ಮ ಶಾಲೆಗೆ ಹೋದ, ಅವಳು ಹೋದಳೋ ಇಲ್ಲವೋ ಗೊತ್ತಾಗುವುದಿಲ್ಲ. ಓದುವವರು ಕೇಳುವ ಮೊದಲ ಪ್ರಶ್ನೆ ಅದೇ. ಆದರೆ ಆ ಸಾಲನ್ನು ಅವಳೇ ಬರೆಯಲಿ.

ಅರ್ಜಿಯಲ್ಲಿ ‘ಯಾರ ಸಹಾಯವೂ ಇಲ್ಲದೆ ಬರೆದಿದ್ದೇನೆ’ ಅಂತ ಸಹಿ ಹಾಕಿಸಿಕೊಳ್ಳುತ್ತಾರಾ ಅಂತ ಮೊದಲೇ ನೋಡಿಕೊಳ್ಳಿ. ಹಾಗಿದ್ದರೆ ತಪ್ಪುಗಳನ್ನು ತೋರಿಸಿಕೊಡುವುದೂ ಬೇಡ, ಅವಳೇ ಎರಡು ಸಲ ಓದಿ ತಿದ್ದಿಕೊಳ್ಳಲಿ. ಇನ್ನೊಂದು, ಊರಿನ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ಆನ್‌ಲೈನ್ ಅರ್ಜಿಗೆ ಅಂಟಿಸಿದರೆ ಅಕ್ಷರ ಎಲ್ಲಾ ಕಲಸಿಹೋಗುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿಸಿ. ಅಂಟಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಸರಿ ಕೂತಿವೆಯಾ ಅಂತ ಪರದೆಯ ಮೇಲೆ ಒಮ್ಮೆ ಓದಿ. ಅಷ್ಟು ಕಷ್ಟಪಟ್ಟು ‘ಅರ್ಧ’ ತಿದ್ದಿ, ಅದು ಅಲ್ಲಿ ಮತ್ತೆ ಒಡೆದರೆ ಹೊಟ್ಟೆ ಉರಿಯುತ್ತದೆ.

ಪೆನ್ಸಿಲ್ ಗುರುತುಗಳಲ್ಲಿ ಒಂದು ಉಳಿಯಿತು. ‘ಸಂಜೆ ಆದರೆ ಮುತ್ಯಾನಿಗೆ ಕಣ್ಣು ಕಾಣಲ್ಲ.’ ಉಳಿದದ್ದೆಲ್ಲ ಆಗಿನ ಮಾತು, ಇದೊಂದು ಈಗಿನ ಮಾತು. ‘ಕಾಣುತ್ತಿರಲಿಲ್ಲ’ ಮಾಡಬೇಕು ಅಂತ ಕೈ ಹೋಯಿತು, ತಡೆದೆ. ಮುತ್ಯಾ ಇನ್ನೂ ಇದ್ದಾನೆ, ಇವತ್ತಿಗೂ ಸಂಜೆ ಕಾಣುವುದಿಲ್ಲ ಅಂದರೆ ‘ಕಾಣಲ್ಲ’ ಅಂತಲೇ ಇರಲಿ, ಅದು ಸರಿ. ಇಲ್ಲದಿದ್ದರೆ ‘ಕಾಣುತ್ತಿರಲಿಲ್ಲ’. ಅರ್ಜಿಯ ಕೊನೆಯ ದಿನ ಹತ್ತಿರ ಇರಬಹುದು, ಆದರೂ ಇದನ್ನು ಕೇಳುವಾಗ ಸ್ವಲ್ಪ ನಿಧಾನ ಕೇಳಿ.